ಎಫ್‌ಎನ್‌ಎಸಿ ಆದ ಮೇಲೂ ಕೋರ್ ಬಯಾಪ್ಸಿ ಯಾಕೆ? ಪದೇ ಪದೇ ಕೇಳುವ ಪ್ರಶ್ನೆಗಳು

ಬೆಂಗಳೂರಿನ ಒಂದು ಪೆಥಾಲಜಿ ವಿಭಾಗದಲ್ಲಿ ಸ್ಲೈಡ್ ನೋಡುವುದು ನನ್ನ ಕೆಲಸ. ರಿಪೋರ್ಟ್ ಹಿಡಿದುಕೊಂಡು ಬರುವವರು ಹೆಚ್ಚಾಗಿ ಕೇಳುವುದು ಒಂದೇ: "ಒಂದು ಸಲ ಸೂಜಿ ಚುಚ್ಚಿ ಆಯ್ತಲ್ಲ, ಮತ್ತೆ ದೊಡ್ಡ ಸೂಜಿ ಯಾಕೆ?" ಇದಕ್ಕೆ ಎಲ್ಲ ಅಂಗಕ್ಕೂ ಹೊಂದುವ ಒಂದೇ ಉತ್ತರ ಇಲ್ಲ. ಹಾಗಾಗಿ ಇಲ್ಲಿ ಮುಖ್ಯವಾಗಿ ಸ್ತನದ ಗಂಟಿನ ಬಗ್ಗೆ ಬರೆದಿದ್ದೇನೆ. ಥೈರಾಯ್ಡ್ ಮತ್ತು ಕುತ್ತಿಗೆ ಗಂಟಿನ ಮಾತು ಆಮೇಲೆ ಬರುತ್ತದೆ, ಅಲ್ಲಿ ಲೆಕ್ಕವೇ ಬೇರೆ.

ಎರಡೂ ಸೂಜೀನೇ ಅಲ್ವಾ? ಒಂದನ್ನು ಯಾಕೆ ಜಾಸ್ತಿ ನಂಬ್ತಾರೆ?

ಸೂಜಿಯಲ್ಲಿ ಬರುವ ವಸ್ತು ಬೇರೆ ಬೇರೆ. ಎಫ್‌ಎನ್‌ಎಸಿ ಅಂದರೆ ಸಣ್ಣ ಸೂಜಿಯ ಪರೀಕ್ಷೆ, ಅದರಲ್ಲಿ ಬರುವುದು ಬಿಡಿ ಬಿಡಿ ಜೀವಕೋಶಗಳು. ದೊಡ್ಡ ಸೂಜಿಯ ಕೋರ್ ಬಯಾಪ್ಸಿಯಲ್ಲಿ ಬರುವುದು ಟಿಶ್ಯೂವಿನ ಒಂದು ತುಂಡು, ಅಂದರೆ ಕೋಶಗಳು ದೇಹದೊಳಗೆ ಹೇಗೆ ಜೋಡಿಸಿಕೊಂಡಿದ್ದವೋ ಹಾಗೇ.

ಗಾಂಧಿ ಬಜಾರಿನಲ್ಲಿ ಬಿಡಿ ಹೂವೂ ಸಿಗುತ್ತದೆ, ಕಟ್ಟಿದ ಹೂವೂ ಸಿಗುತ್ತದೆ. ಬಿಡಿ ಹೂವು ಒಂದು ಹಿಡಿ ಕೈಗೆ ಬಂದರೆ ಅದು ಮಲ್ಲಿಗೆಯೋ ಕನಕಾಂಬರವೋ, ಹೊಸದೋ ಬಾಡಿದ್ದೋ ಹೇಳಬಹುದು. ಆದರೆ ಅದನ್ನು ಯಾವ ರೀತಿ ಕಟ್ಟಿದ್ದರು ಅಂತ ಹೇಳಲಾಗದು. ಅದಕ್ಕೆ ದಾರದ ಸಮೇತ ಕಾಲು ಮೊಳವಾದರೂ ಬೇಕು.

ಇನ್ನು ಮುಂದಿನ ಪ್ರಶ್ನೆಗಳಿಗೆಲ್ಲ ಕೀಲಿ ಇದೇ. ಕಾಯಿಲೆಯ ಗುರುತು ಕೋಶದ ಒಳಗೇ ಇದ್ದರೆ ಸಣ್ಣ ಸೂಜಿ ಸಾಕು. ಗುರುತು ಜೋಡಣೆಯಲ್ಲಿದ್ದರೆ ಸಾಲದು.

ಎಫ್‌ಎನ್‌ಎಸಿ ಮಾಡುವಾಗ ನಿಜಕ್ಕೂ ಏನಾಗುತ್ತದೆ?

23ರಿಂದ 25 ಗೇಜಿನ ಸೂಜಿ ಬಳಸುತ್ತಾರೆ. 23 ಗೇಜ್ ಅಂದರೆ ಸುಮಾರು 0.6 ಮಿಮೀ ದಪ್ಪ. ಅಂದಹಾಗೆ ಗೇಜ್ ಸಂಖ್ಯೆ ಜಾಸ್ತಿ ಆದಷ್ಟೂ ಸೂಜಿ ಸಣ್ಣದು, ಎಷ್ಟೋ ಜನ ಇದನ್ನು ಉಲ್ಟಾ ತಿಳಿದು ಹೆದರಿಕೊಂಡಿರುತ್ತಾರೆ. ಸೂಜಿಯನ್ನು ಗಂಟಿನೊಳಗೆ ಇಟ್ಟು, ಹೊರಗೆ ತೆಗೆಯದೆ, ಹಿಂದೆ ಮುಂದೆ ಬೇರೆ ಬೇರೆ ದಿಕ್ಕಿಗೆ ಆಡಿಸುತ್ತಾರೆ. ಸೂಜಿಯ ತುದಿ ಕೋಶಗಳನ್ನು ಕೆರೆದುಕೊಳ್ಳುತ್ತದೆ. ಅವನ್ನು ಗಾಜಿನ ಸ್ಲೈಡಿನ ಮೇಲೆ ಹಾಕಿ, ಇನ್ನೊಂದು ಸ್ಲೈಡಿನಿಂದ ತೆಳ್ಳಗೆ ಸವರುತ್ತಾರೆ. ಕೆಲವನ್ನು ಗಾಳಿಗೆ ಒಣಗಿಸಿ ಜೀಮ್ಸಾ ಬಣ್ಣ ಹಾಕುತ್ತಾರೆ. ಇನ್ನು ಕೆಲವನ್ನು ತಕ್ಷಣ ಆಲ್ಕೋಹಾಲಿನಲ್ಲಿ ಅದ್ದಿ ಪ್ಯಾಪ್ ಬಣ್ಣ ಹಾಕುತ್ತಾರೆ.

ಈ "ತಕ್ಷಣ" ಅನ್ನುವ ಮಾತು ಸುಮ್ನೆ ಬರೆದಿದ್ದಲ್ಲ. ಆಲ್ಕೋಹಾಲಿಗೆ ಹೋಗಬೇಕಾದ ಸ್ಲೈಡ್ ಕೆಲವು ಸೆಕೆಂಡ್ ಆಚೆ ಉಳಿದರೂ ಕೋಶಗಳು ಒಣಗಿ ಊದಿಕೊಂಡಂತೆ ಕಾಣುತ್ತವೆ, ನ್ಯೂಕ್ಲಿಯಸ್ಸಿನ ಒಳಗಿನ ವಿವರ ಮಸುಕಾಗುತ್ತದೆ. ಜೋರಾಗಿ ಒತ್ತಿ ಸವರಿದರೆ ನ್ಯೂಕ್ಲಿಯಸ್‌ಗಳು ಒಡೆದು ನೂಲಿನಂತೆ ಎಳೆದುಕೊಳ್ಳುತ್ತವೆ. ರಕ್ತ ಜಾಸ್ತಿ ಬಂದರೆ ಕೋಶಗಳು ಅದರಲ್ಲಿ ಹುದುಗಿ ಹೋಗುತ್ತವೆ. ಎಫ್‌ಎನ್‌ಎಸಿಯ ಖಚಿತತೆ ಸೂಜಿ ಹಾಕಿದವರ ಕೈ ಮತ್ತು ಸ್ಲೈಡ್ ಸವರಿದವರ ಕೈ ಎರಡರ ಮೇಲೂ ನಿಂತಿದೆ. ಒಂದೇ ಊರಿನಲ್ಲಿ ಒಂದು ಕಡೆಯ ರಿಪೋರ್ಟ್ ಗಟ್ಟಿಯಾಗಿದ್ದು ಇನ್ನೊಂದು ಕಡೆಯದು ಅಡ್ಡಗೋಡೆ ಮೇಲೆ ದೀಪ ಇಟ್ಟಂತೆ ಇರುವುದಕ್ಕೆ ಇದೂ ಒಂದು ಕಾರಣ.

ಕೋರ್ ಬಯಾಪ್ಸಿ ಹೇಗೆ?

ಸ್ತನಕ್ಕೆ ಸಾಮಾನ್ಯವಾಗಿ 14 ಗೇಜ್, ಅಂದರೆ ಸುಮಾರು 2 ಮಿಮೀ ದಪ್ಪ. ಮೊದಲು ಲಿಗ್ನೋಕೇನ್ ಇಂಜೆಕ್ಷನ್ ಕೊಟ್ಟು ಜಾಗವನ್ನು ಮರಗಟ್ಟಿಸುತ್ತಾರೆ. ಚರ್ಮದಲ್ಲಿ ಬ್ಲೇಡಿನಿಂದ ಚಿಕ್ಕ ಗೀರು ಹಾಕಿ, ಅಲ್ಟ್ರಾಸೌಂಡ್ ಪರದೆಯಲ್ಲಿ ಸೂಜಿಯನ್ನು ನೋಡುತ್ತಾ ಗಂಟಿನ ಹತ್ತಿರ ತರುತ್ತಾರೆ. ಆಮೇಲೆ ಸ್ಪ್ರಿಂಗ್ ಗನ್ ಒತ್ತುತ್ತಾರೆ. "ಟಪ್" ಅಂತ ಜೋರು ಸದ್ದು ಬರುತ್ತದೆ. ನೋವಿಗಿಂತ ಆ ಸದ್ದಿಗೇ ಬೆಚ್ಚಿ ಬೀಳುವವರು ಜಾಸ್ತಿ, ಆದ್ದರಿಂದ ಒಳ್ಳೆಯ ರೇಡಿಯಾಲಜಿಸ್ಟ್ ಮೊದಲೇ ಒಂದು ಸಲ ಗಾಳಿಯಲ್ಲಿ ಒತ್ತಿ ಕೇಳಿಸುತ್ತಾರೆ. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಮೊದಲೇ ಹೇಳಿ.

ಹೀಗೆ ಒಂದೂವರೆ, ಎರಡು ಸೆಂಟಿಮೀಟರ್ ಉದ್ದದ ನಾಲ್ಕೈದು ತುಂಡು ತೆಗೆದು ಫಾರ್ಮಲಿನ್ ಬಾಟಲಿಗೆ ಹಾಕುತ್ತಾರೆ. ಬಾಟಲಿ ಕಡೆ ಒಮ್ಮೆ ನೋಡಿ: ಬೆಳ್ಳಗೆ ಗಟ್ಟಿಯಾಗಿರುವ ತುಂಡು ತಳಕ್ಕೆ ಮುಳುಗುತ್ತದೆ, ಬರೀ ಕೊಬ್ಬು ಬಂದಿದ್ದರೆ ತೇಲುತ್ತದೆ. ಎಲ್ಲ ತುಂಡೂ ತೇಲುತ್ತಿದ್ದರೆ ಗಂಟು ತಪ್ಪಿರಬಹುದು ಅಂತ ಅನುಮಾನ ಅಲ್ಲೇ ಶುರುವಾಗುತ್ತದೆ. ಇನ್ನೆರಡು ತುಂಡು ತೆಗೆಯುವುದೂ ಆಗಲೇ ಸುಲಭ.

ಎಫ್‌ಎನ್‌ಎಸಿಯಲ್ಲೇ "ಕ್ಯಾನ್ಸರ್" ಅಂತ ಬಂದಿದೆ. ಮತ್ತೆ ಬಯಾಪ್ಸಿ ಮಾಡಿಸಿದರೆ ಹೊಸದಾಗಿ ಏನು ಗೊತ್ತಾಗುತ್ತದೆ?

ಎರಡು ಸಂಗತಿ ಗೊತ್ತಾಗುತ್ತವೆ, ಎರಡೂ ಚಿಕಿತ್ಸೆಯನ್ನೇ ಬದಲಿಸುತ್ತವೆ.

ಮೊದಲನೆಯದು, ಕ್ಯಾನ್ಸರ್ ಹಾಲಿನ ನಾಳದ ಒಳಗೇ ಇದೆಯೋ, ನಾಳ ಒಡೆದು ಹೊರಗೆ ಬಂದಿದೆಯೋ ಅನ್ನುವುದು. ಸ್ತನದ ಪ್ರತಿ ನಾಳದ ಒಳಮೈಗೆ ಎರಡು ಸಾಲು ಕೋಶಗಳಿರುತ್ತವೆ. ಒಳಗಿನದು ಎಪಿಥೀಲಿಯಲ್ ಕೋಶ, ಹೊರಗಿನದು ಮಯೋಎಪಿಥೀಲಿಯಲ್ ಕೋಶ. ಅದರ ಆಚೆ ತೆಳುವಾದ ಒಂದು ಪೊರೆ. ಕೆಟ್ಟ ಕೋಶಗಳು ಈ ಪೊರೆಯೊಳಗೇ ತುಂಬಿಕೊಂಡಿದ್ದರೆ ಅದು ಡಿಸಿಐಎಸ್. ಅದಕ್ಕೆ ದೇಹದ ಬೇರೆ ಕಡೆಗೆ ಹೋಗುವ ದಾರಿ ಇನ್ನೂ ಸಿಕ್ಕಿಲ್ಲ. ಪೊರೆ ದಾಟಿದ್ದರೆ ಇನ್ವೇಸಿವ್ ಕಾರ್ಸಿನೋಮ, ಆಗ ಕಂಕುಳಿನ ಗ್ರಂಥಿಗಳನ್ನೂ ಪರೀಕ್ಷಿಸಲೇಬೇಕು.

ಈಗ ಸಣ್ಣ ಸೂಜಿಯ ಸ್ಥಿತಿ ಯೋಚಿಸಿ. ನಾಳದ ಒಳಗಿದ್ದ ಕೆಟ್ಟ ಕೋಶವೂ, ನಾಳ ದಾಟಿದ ಕೆಟ್ಟ ಕೋಶವೂ ಸ್ಲೈಡಿನ ಮೇಲೆ ಬಂದು ಬಿದ್ದಾಗ ಒಂದೇ ಥರ ಕಾಣುತ್ತವೆ. ಪೊರೆ ಸ್ಲೈಡಿಗೆ ಬರುವುದೇ ಇಲ್ಲ. ನೋಡುವವರು ಎಷ್ಟೇ ಅನುಭವಿಗಳಾಗಿದ್ದರೂ, ಇಲ್ಲದ ಪೊರೆಯನ್ನು ದಾಟಿದೆಯೋ ಇಲ್ಲವೋ ಅಂತ ಖಚಿತವಾಗಿ ಬರೆಯಲಾಗದು.

ಎರಡನೆಯದು ಇಆರ್, ಪಿಆರ್ ಅನ್ನುವ ಹಾರ್ಮೋನ್ ಗ್ರಾಹಕಗಳು ಮತ್ತು ಹರ್-2 ಅನ್ನುವ ಪ್ರೋಟೀನ್ ಕ್ಯಾನ್ಸರ್ ಕೋಶದಲ್ಲಿ ಎಷ್ಟಿವೆ ಅನ್ನುವ ಪರೀಕ್ಷೆ. ಹಾರ್ಮೋನ್ ಮಾತ್ರೆ ಕೆಲಸ ಮಾಡುತ್ತದೆಯೇ, ಹರ್-2 ವಿರುದ್ಧದ ಇಂಜೆಕ್ಷನ್ ಬೇಕೇ, ಮೊದಲು ಕೀಮೋ ಕೊಟ್ಟು ಆಮೇಲೆ ಆಪರೇಷನ್ನೋ ಅಥವಾ ನೇರ ಆಪರೇಷನ್ನೋ ಅನ್ನುವ ತೀರ್ಮಾನಗಳಲ್ಲಿ ಇವುಗಳ ಪಾತ್ರ ದೊಡ್ಡದು. ಈ ಪರೀಕ್ಷೆಗಳ ಅಳತೆಗೋಲನ್ನು ಫಾರ್ಮಲಿನ್‌ನಲ್ಲಿ 6ರಿಂದ 72 ಗಂಟೆ ಇಟ್ಟ ಟಿಶ್ಯೂವಿನ ಮೇಲೆ ನಿಗದಿ ಮಾಡಿದ್ದಾರೆ. ಹರ್-2ರಲ್ಲಿ ಇನ್ನೊಂದು ತೊಡಕಿದೆ. ಇನ್ವೇಸಿವ್ ಭಾಗದ ಕೋಶಗಳಲ್ಲಿ ಮಾತ್ರ ಅದನ್ನು ಎಣಿಸಬೇಕು, ಡಿಸಿಐಎಸ್ ಭಾಗವನ್ನು ಲೆಕ್ಕಕ್ಕೆ ತೆಗೆದುಕೊಳ್ಳುವಂತಿಲ್ಲ. ಯಾವುದು ಯಾವುದೆಂದು ತಿಳಿಯದ ಸ್ಲೈಡಿನಲ್ಲಿ ಎಣಿಸುವುದಾದರೂ ಹೇಗೆ?

ಸೆಲ್ ಬ್ಲಾಕ್ ಮಾಡಿದರೆ ಎಫ್‌ಎನ್‌ಎಸಿಯಲ್ಲೂ ಆ ಟೆಸ್ಟ್ ಆಗುತ್ತದಂತಲ್ಲ?

ಆಗುತ್ತದೆ. ಸೂಜಿಯಲ್ಲಿ ಉಳಿದ ಕೋಶಗಳನ್ನು ತೊಳೆದು, ಒಟ್ಟುಗೂಡಿಸಿ, ಮೇಣದಲ್ಲಿ ಕೂರಿಸಿದರೆ ಅದೇ ಸೆಲ್ ಬ್ಲಾಕ್. ಕ್ಯಾನ್ಸರ್ ಲಿವರಿಗೋ ಬೇರೆ ಗ್ರಂಥಿಗೋ ಹರಡಿದಾಗ ಇದು ತುಂಬಾ ಉಪಯೋಗಕ್ಕೆ ಬರುತ್ತದೆ. ಸ್ತನದ ಮೊದಲ ರೋಗನಿರ್ಣಯಕ್ಕೆ ಮಾತ್ರ ನಾನು ಅದನ್ನು ಕೋರ್‌ಗೆ ಬದಲಿ ಅನ್ನುವುದಿಲ್ಲ. ಪೊರೆಯ ಪ್ರಶ್ನೆ ಅಲ್ಲೂ ಹಾಗೇ ಉಳಿಯುತ್ತದೆ.

ಒಂದು ಕೇಸ್ ಹಿಡಿದು ಹೇಳಿದರೆ ಅರ್ಥ ಆಗಬಹುದು.

ಸರಿ. ಇದು ವಿವರಣೆಗಾಗಿ ಕಟ್ಟಿದ ಕೇಸ್, ಆದರೆ ಇಂಥವು ಬರುತ್ತಲೇ ಇರುತ್ತವೆ. ಯಲಹಂಕ ಕಡೆಯ 52 ವರ್ಷದ ತಾಯಿ. ಎಡ ಸ್ತನದಲ್ಲಿ 2.2 ಸೆಂಟಿಮೀಟರ್ ಗಂಟು. ಅಲ್ಟ್ರಾಸೌಂಡ್‌ನಲ್ಲಿ ಅಂಚು ಒರಟು, ಬೈರಾಡ್ಸ್ 4ಸಿ, ಅಂದರೆ ಸ್ಕ್ಯಾನಿನ ಪ್ರಕಾರ ಕ್ಯಾನ್ಸರ್ ಅನುಮಾನ ಬಲವಾಗಿದೆ. ಮನೆ ಹತ್ತಿರದ ಲ್ಯಾಬಿನಲ್ಲಿ ಎಫ್‌ಎನ್‌ಎಸಿ ಆಯಿತು, ಮರುದಿನವೇ ರಿಪೋರ್ಟ್ ಬಂತು: ಸಿ4, ಸಸ್ಪಿಷಿಯಸ್.

ಮಗಳು ಸ್ಲೈಡ್ ತಂದು ಕೇಳುತ್ತಾಳೆ, "ಡಾಕ್ಟ್ರೇ, ಸಸ್ಪಿಷಿಯಸ್ ಅಂದ್ರೆ ಇದೆಯಾ, ಇಲ್ವಾ?"

ಮೈಕ್ರೋಸ್ಕೋಪಿನಲ್ಲಿ ಕಾಣುವುದು ಇಷ್ಟು. ಕೋಶಗಳ ನಾಲ್ಕಾರು ಗುಂಪುಗಳಿವೆ, ಒಂದರ ಮೇಲೊಂದು ಒತ್ತಿಕೊಂಡಿವೆ. ನ್ಯೂಕ್ಲಿಯಸ್ ಸ್ವಲ್ಪ ದೊಡ್ಡದು, ಆದರೆ ತೀರಾ ವಿಕಾರವಿಲ್ಲ. ಬಿಡಿ ಕೋಶಗಳು ಅಲ್ಲೊಂದು ಇಲ್ಲೊಂದು. ಕ್ಯಾನ್ಸರ್ ಅಲ್ಲದ ಸಾಧುವಾದ ಗಂಟಿನಲ್ಲಿ ಹಿನ್ನೆಲೆ ತುಂಬ ಚೆಲ್ಲಿರಬೇಕಾದ ಮಯೋಎಪಿಥೀಲಿಯಲ್ ಕೋಶಗಳ ಚಿಕ್ಕ ಅಂಡಾಕಾರದ ನ್ಯೂಕ್ಲಿಯಸ್‌ಗಳು ಬಹಳ ಕಮ್ಮಿ. ಇದು ಕ್ಯಾನ್ಸರ್ ಕಡೆಗೇ ವಾಲುತ್ತದೆ. ಆದರೆ ಇಷ್ಟು ಕೋಶ ನಂಬಿ ಕ್ಯಾನ್ಸರ್ ಅಂತ ಸಹಿ ಹಾಕಲಾಗದು. ಸಿ4 ಬರೆದವರು ಹೆದರಿ ಬರೆದಿದ್ದಲ್ಲ. ಕೈಗೆ ಸಿಕ್ಕಿದ್ದಕ್ಕಿಂತ ಹೆಚ್ಚು ಹೇಳಲಿಲ್ಲ ಅಷ್ಟೇ.

ಆಮೇಲೆ 14 ಗೇಜಿನಲ್ಲಿ ನಾಲ್ಕು ತುಂಡು ತೆಗೆದರು. ಫಾರ್ಮಲಿನ್‌ನಲ್ಲಿ ಒಂದು ರಾತ್ರಿ ಇಟ್ಟು, ಮೇಣದ ಬ್ಲಾಕ್ ಮಾಡಿ, ಅದನ್ನು 3–4 ಮೈಕ್ರಾನ್ ತೆಳುವಾಗಿ ಕೊಯ್ದು ನೋಡಿದಾಗ ಚಿತ್ರ ಬದಲಾಯಿತು. ಒಂದು ತುಂಡಿನಲ್ಲಿ ನಾಳಗಳು ಕೆಟ್ಟ ಕೋಶಗಳಿಂದ ತುಂಬಿವೆ, ಆದರೆ ಅಂಚು ನೀಟಾಗಿದೆ. ಉಳಿದ ಮೂರರಲ್ಲಿ ಅದೇ ಕೋಶಗಳು ಚಿಕ್ಕ ಚಿಕ್ಕ ಗುಂಪಾಗಿ ನಾರಿನ ನಡುವೆ ನುಗ್ಗಿವೆ. ಅನುಮಾನಕ್ಕೆ ಜಾಗ ಇರಬಾರದು ಅಂತ ಪಿ63 ಬಣ್ಣ ಹಾಕಿದರು. ಇದು ಮಯೋಎಪಿಥೀಲಿಯಲ್ ಕೋಶದ ನ್ಯೂಕ್ಲಿಯಸ್ಸಿಗೆ ಕಂದು ಬಣ್ಣ ಕೊಡುತ್ತದೆ. ತುಂಬಿದ ನಾಳಗಳ ಸುತ್ತ ಕಂದು ಚುಕ್ಕೆಗಳ ಸಾಲು ಸ್ಪಷ್ಟವಾಗಿದೆ, ಅದು ಡಿಸಿಐಎಸ್. ನುಗ್ಗಿದ ಗುಂಪುಗಳ ಸುತ್ತ ಒಂದು ಚುಕ್ಕೆಯೂ ಇಲ್ಲ, ಅದು ಇನ್ವೇಸಿವ್. ಎಫ್‌ಎನ್‌ಎಸಿಯ ಸ್ಲೈಡಿನಲ್ಲಿ ಇವೆರಡೂ ಬೆರೆತು ಬಿದ್ದಿದ್ದವು.

ಮುಂದೆ ಇಆರ್, ಪಿಆರ್ ಪಾಸಿಟಿವ್ ಬಂದವು. ಹರ್-2 ಮಾತ್ರ 2+. ಈ 2+ ಅಂದರೆ ಹೌದೂ ಅಲ್ಲ, ಇಲ್ಲವೂ ಅಲ್ಲ. ಅದೇ ಬ್ಲಾಕಿನಿಂದ ಇನ್ನೊಂದು ತೆಳು ಪದರ ಕೊಯ್ದು ಫಿಶ್ ಅನ್ನುವ ಜೀನ್ ಪರೀಕ್ಷೆಗೆ ಕಳಿಸಿದರು, ನೆಗೆಟಿವ್ ಬಂತು. ಹೊಸದಾಗಿ ಚುಚ್ಚಬೇಕಾಗಲಿಲ್ಲ. ಸ್ಕ್ಯಾನಿನಲ್ಲಿ ಕಂಕುಳಿನ ಗ್ರಂಥಿಗಳೂ ಸರಿಯಾಗಿದ್ದವು. ಹಾಗಾಗಿ ಮೊದಲು ಆಪರೇಷನ್, ಜೊತೆಗೆ ಕಂಕುಳಿನಲ್ಲಿ ಕ್ಯಾನ್ಸರ್ ಮೊದಲು ತಲುಪುವ ಸೆಂಟಿನೆಲ್ ಗ್ರಂಥಿಯ ಪರೀಕ್ಷೆ ಅಂತ ತೀರ್ಮಾನವಾಯಿತು. ಹರ್-2 ಪಾಸಿಟಿವ್ ಆಗಿದ್ದರೆ ಈ ಅಳತೆಯ ಗಂಟಿಗೆ ಮೊದಲು ಕೀಮೋ ಮತ್ತು ಹರ್-2 ಇಂಜೆಕ್ಷನ್ ಕೊಡುವ ಮಾತು ಬರುತ್ತಿತ್ತು. ಆಗ ಕೋರ್ ತುಂಡಿನ ಬೆಲೆ ಇನ್ನೂ ಜಾಸ್ತಿ. ಕೀಮೋ ಚೆನ್ನಾಗಿ ಹಿಡಿದರೆ ಆಪರೇಷನ್ ಹೊತ್ತಿಗೆ ಗಂಟಿನಲ್ಲಿ ಒಂದೂ ಕೆಟ್ಟ ಕೋಶ ಉಳಿಯದೇ ಇರಬಹುದು. ಮೂಲ ಕಾಯಿಲೆ ಏನಿತ್ತು ಅನ್ನುವುದಕ್ಕೆ ಆಗ ಉಳಿಯುವ ಸಾಕ್ಷಿ ಆ ನಾಲ್ಕು ತುಂಡು ಮಾತ್ರ.

ರಿಪೋರ್ಟಿನ ಸಿ1ರಿಂದ ಸಿ5, ಬಿ1ರಿಂದ ಬಿ5 ಅಂದರೆ ಕ್ಯಾನ್ಸರಿನ ಸ್ಟೇಜಾ?

ಅಲ್ಲ, ಸ್ಟೇಜಿಗೂ ಇದಕ್ಕೂ ಸಂಬಂಧ ಇಲ್ಲ. 'ಸಿ' ಅಂದರೆ ಸೈಟಾಲಜಿ, 'ಬಿ' ಅಂದರೆ ಬಯಾಪ್ಸಿ. ಸಿ1 ಅಂದರೆ ಸಾಕಷ್ಟು ಕೋಶ ಬಂದಿಲ್ಲ, ಸಿ2 ಸಾಧು, ಸಿ3 ಸ್ವಲ್ಪ ಅಸಹಜ, ಸಿ4 ಬಲವಾದ ಅನುಮಾನ, ಸಿ5 ಕ್ಯಾನ್ಸರ್. ಬಯಾಪ್ಸಿಯ ಬಿ5ನಲ್ಲಿ ಮಾತ್ರ ಒಳಗೆ ಭಾಗಗಳಿವೆ: ನಾಳದೊಳಗಿನದು ಬಿ5ಎ, ಹೊರಗೆ ಬಂದದ್ದು ಬಿ5ಬಿ. ಸಿ5ಕ್ಕೆ ಅಂಥ ಎ, ಬಿ ಇಲ್ಲ. ಯಾಕೆ ಇಲ್ಲ ಅನ್ನುವುದು ಈಗ ನಿಮಗೇ ಗೊತ್ತು.

"ಇನ್‌ಅಡಿಕ್ವೇಟ್" ಅಂತ ಬಂದಿದೆ. ಕೆಟ್ಟದ್ದೇನೂ ಸಿಕ್ಕಿಲ್ಲ ಅಂತ ತಾನೇ?

ಖಂಡಿತ ಅಲ್ಲ. ಏನೂ ಸಿಕ್ಕಿಲ್ಲ ಅಂತ ಅಷ್ಟೇ. ಈ ರಿಪೋರ್ಟ್ ಇಟ್ಟುಕೊಂಡು ಆರು ತಿಂಗಳು ಸುಮ್ಮನಿದ್ದು ಬರುವವರನ್ನು ನೋಡಿದಾಗ ಬೇಜಾರಾಗುತ್ತದೆ.

ಕೆಲವು ಕ್ಯಾನ್ಸರ್‌ಗಳು ಕೋಶ ಬಿಟ್ಟುಕೊಡುವುದೇ ಕಷ್ಟ. ಲಾಬ್ಯುಲರ್ ಕಾರ್ಸಿನೋಮ ಅನ್ನುವ ಸ್ತನ ಕ್ಯಾನ್ಸರಿನಲ್ಲಿ ಕೋಶಗಳು ಚಿಕ್ಕವು, ಗಟ್ಟಿ ನಾರಿನ ನಡುವೆ ಒಂದರ ಹಿಂದೆ ಒಂದು ಸಾಲಾಗಿ ಸಿಕ್ಕಿಕೊಂಡಿರುತ್ತವೆ. ಸಣ್ಣ ಸೂಜಿ ಎಷ್ಟು ಆಡಿಸಿದರೂ ಬೆರಳೆಣಿಕೆಯಷ್ಟು ಬರುತ್ತವೆ, ಬಂದವೂ ಅಷ್ಟೇನೂ ವಿಕಾರವಾಗಿ ಕಾಣುವುದಿಲ್ಲ. ರಿಪೋರ್ಟ್ ಸಿ1 ಆಗುತ್ತದೆ, ಕೆಲವೊಮ್ಮೆ ಸಿ2 ಕೂಡ. ಕೋರ್ ಸೂಜಿ ನಾರಿನ ಸಮೇತ ಕತ್ತರಿಸಿ ತರುವುದರಿಂದ ಆ ಸಾಲು ಹಾಗೇ ಕಣ್ಣಿಗೆ ಬೀಳುತ್ತದೆ.

ಕೋರ್ ಬಯಾಪ್ಸಿ "ಬಿನೈನ್" ಅಂದರೆ ನೂರಕ್ಕೆ ನೂರು ನಂಬಬಹುದಾ?

ಸ್ಕ್ಯಾನ್ ಕೂಡ ಅದನ್ನೇ ಹೇಳುತ್ತಿದ್ದರೆ ಧೈರ್ಯವಾಗಿರಬಹುದು. ಸ್ಕ್ಯಾನ್ ಬೈರಾಡ್ಸ್ 5, ಅಂದರೆ ಬಹುತೇಕ ಕ್ಯಾನ್ಸರೇ ಅನ್ನುತ್ತಿದೆ, ಬಯಾಪ್ಸಿಯಲ್ಲಿ ಬರೀ ಕೊಬ್ಬು ಮತ್ತು ನಾರು ಅಂತ ಬಂದಿದೆ ಅಂದರೆ ನಾನು ಸ್ಕ್ಯಾನನ್ನೇ ನಂಬುತ್ತೇನೆ. ಅಲ್ಲಿ ಸೂಜಿ ಗುರಿ ತಪ್ಪಿರುವ ಸಾಧ್ಯತೆಯೇ ಜಾಸ್ತಿ. ಇನ್ನೊಮ್ಮೆ ಬಯಾಪ್ಸಿ ಮಾಡಬೇಕು ಅಥವಾ ಗಂಟನ್ನೇ ತೆಗೆಯಬೇಕು. ಕೈಯಿಂದ ಮುಟ್ಟಿ ನೋಡಿದ್ದು, ಸ್ಕ್ಯಾನ್, ಸೂಜಿ ಪರೀಕ್ಷೆ ಮೂರನ್ನೂ ಪಕ್ಕ ಪಕ್ಕ ಇಟ್ಟು ನೋಡುವುದನ್ನು ಟ್ರಿಪಲ್ ಟೆಸ್ಟ್ ಅನ್ನುತ್ತಾರೆ.

ಗುರಿ ಸರಿಯಾಗಿದ್ದರೂ ತುಂಡೇ ಸಾಲದ ಸಂದರ್ಭಗಳಿವೆ. ನಾಳದ ಕೋಶಗಳು ಅಸಹಜವಾಗಿ ಹೆಚ್ಚುವ ಎಡಿಎಚ್ ಅನ್ನುವ ಬದಲಾವಣೆಗೂ ಕಡಿಮೆ ದರ್ಜೆಯ ಡಿಸಿಐಎಸ್‌ಗೂ ವ್ಯತ್ಯಾಸ ಮಾಡುವಾಗ ಅದು ಎಷ್ಟು ಹರಡಿದೆ ಅನ್ನುವುದನ್ನೂ ನೋಡುತ್ತಾರೆ, 2 ಮಿಮೀ ಒಂದು ಗಡಿ. ಸೂಜಿಯ ದಪ್ಪವೇ ಅಷ್ಟು. ತುಂಡಿನ ಆಚೆ ಏನಿದೆ ಅಂತ ತುಂಡು ಹೇಳದು. ಅದಕ್ಕೇ ಎಡಿಎಚ್ ಬಂದಾಗ ಸಾಮಾನ್ಯವಾಗಿ ಆ ಜಾಗವನ್ನು ಆಪರೇಷನ್ ಮಾಡಿ ತೆಗೆಯುತ್ತಾರೆ, ಕೆಲವು ಸಲ ಅಲ್ಲಿ ಕ್ಯಾನ್ಸರ್ ಸಿಗುವುದೂ ಉಂಟು. ಬೇಗ ಬೇಗ ಬೆಳೆಯುವ, ಫೈಬ್ರೋಅಡಿನೋಮ ಅನ್ನುವ ಸಾಧು ಗಂಟಿನ ಕಥೆಯೂ ಹೀಗೇ. ಅದು ಫಿಲ್ಲಾಯ್ಡ್ಸ್ ಗೆಡ್ಡೆಯೋ ಅಲ್ಲವೋ ಅನ್ನುವುದು ಪೂರ್ತಿ ತೆಗೆದ ಮೇಲೆಯೇ ಖಚಿತವಾಗಬಹುದು.

ಹಾಗಾದರೆ ಎಫ್‌ಎನ್‌ಎಸಿ ವೇಸ್ಟಾ?

ಯಾರು ಹೇಳಿದರು? ಥೈರಾಯ್ಡ್‌ಗೆ ಇವತ್ತಿಗೂ ಮೊದಲ ಆಯ್ಕೆ ಅದೇ. ಥೈರಾಯ್ಡಿನಲ್ಲಿ ಹೆಚ್ಚಾಗಿ ಬರುವ ಪ್ಯಾಪಿಲರಿ ಕ್ಯಾನ್ಸರಿನ ಗುರುತು ನ್ಯೂಕ್ಲಿಯಸ್ಸಿನಲ್ಲೇ ಇದೆ. ಅದರ ಮೇಲೆ ಉದ್ದಕ್ಕೆ ಗೀರು ಇರುತ್ತದೆ, ಒಳಗೆ ಗುಳ್ಳೆಯಂಥ ಆಕಾರ ಕಾಣುತ್ತದೆ. ಬಿಡಿ ಕೋಶದಲ್ಲೂ ಅದು ಸ್ಪಷ್ಟ. ಫಾಲಿಕ್ಯುಲರ್ ಗಂಟು ಅದಕ್ಕೆ ತದ್ವಿರುದ್ಧ. ಅದು ಕ್ಯಾನ್ಸರ್ ಹೌದೋ ಅಲ್ಲವೋ ಅನ್ನುವುದು ಗಂಟಿನ ಸುತ್ತಲಿನ ಕವಚವನ್ನೋ ರಕ್ತನಾಳವನ್ನೋ ಒಡೆದಿದೆಯೇ ಅನ್ನುವುದರ ಮೇಲೆ ನಿಂತಿದೆ. ಅದನ್ನು ನೋಡಲು ಇಡೀ ಕವಚ ಬೇಕು. ಸಣ್ಣ ಸೂಜಿಗೂ ಆಗದು, ಕೋರ್‌ಗೂ ಆಗದು. ಥೈರಾಯ್ಡ್ ರಿಪೋರ್ಟಿನಲ್ಲಿ ಇಂಥ ಫಾಲಿಕ್ಯುಲರ್ ಗಂಟಿಗೆ ಕೊಡುವ ದರ್ಜೆ ಬೆಥೆಸ್ಡಾ 4, ಹಾಗೆ ಬಂದವರು "ಕೋರ್ ಮಾಡಿಸಿಬಿಡಲಾ?" ಅಂತ ಕೇಳಿದರೆ ನಾನು ಇದನ್ನೇ ಹೇಳುತ್ತೇನೆ.

ಕುತ್ತಿಗೆಯ ಗ್ರಂಥಿ ಊದಿಕೊಂಡಾಗಲೂ ಮೊದಲು ಸಣ್ಣ ಸೂಜಿ. ನಮ್ಮಲ್ಲಿ ಟಿಬಿ ಜಾಸ್ತಿ. ಸೂಜಿಯಲ್ಲಿ ಬಂದ ಕೀವಿನಂಥ ದ್ರವದಲ್ಲೇ ಟಿಬಿಯಲ್ಲಿ ಕಾಣುವ ಗ್ರಾನುಲೋಮ ಅನ್ನುವ ಕೋಶಗಳ ಗುಂಪು ಸಿಗಬಹುದು, ಟಿಬಿ ರೋಗಾಣುವಿಗೆ ಬಣ್ಣ ಹಾಕಬಹುದು, ಉಳಿದದ್ದನ್ನು ಟಿಬಿ ರೋಗಾಣುವಿನ ಜೀನ್ ಹುಡುಕುವ ಸಿಬಿನಾಟ್ ಪರೀಕ್ಷೆಗೆ ಕಳಿಸಬಹುದು. ಅದೇ ಗ್ರಂಥಿಯದ್ದೇ ಕ್ಯಾನ್ಸರ್ ಆದ ಲಿಂಫೋಮ ಅಂತ ಅನುಮಾನ ಬಂದರೆ ಮಾತು ಮತ್ತೆ ಜೋಡಣೆಗೇ ಹೋಗುತ್ತದೆ, ಸಾಧ್ಯವಾದರೆ ಗ್ರಂಥಿಯನ್ನು ಇಡಿಯಾಗಿ ತೆಗೆದು ನೋಡುವುದೇ ಒಳ್ಳೆಯದು. ಸ್ತನ ಕ್ಯಾನ್ಸರ್ ಕೋರ್‌ನಲ್ಲಿ ಖಚಿತವಾದ ಮೇಲೆ ಕಂಕುಳಿಗೆ ಹರಡಿದೆಯೇ ಅಂತ ನೋಡುವುದಕ್ಕೂ ಎಫ್‌ಎನ್‌ಎಸಿ ಸಾಕಾಗಬಹುದು. ಸ್ತನದ ಕೋಶ ಲಿಂಫ್ ಗ್ರಂಥಿಯಲ್ಲಿ ಇರಲೇಬಾರದು, ಅಲ್ವಾ?

ಸೂಜಿ ಚುಚ್ಚಿದರೆ ಕ್ಯಾನ್ಸರ್ ಹರಡುವುದಿಲ್ಲವಾ?

ಸ್ತನದ ಮಟ್ಟಿಗೆ ಈ ಭಯದಿಂದ ಬಯಾಪ್ಸಿ ತಪ್ಪಿಸಬೇಡಿ. ಸೂಜಿಯ ದಾರಿಯಲ್ಲಿ ಕೆಲವು ಕೋಶ ಜರುಗಬಹುದು, ಆದರೆ ಅವು ಅಲ್ಲಿ ಬೆಳೆದು ಗಂಟಾಗುವುದು ತೀರಾ ಅಪರೂಪ.

ಬೇರೆ ಆಸ್ಪತ್ರೆಗೆ ಹೋಗುವಾಗ ಏನು ತೆಗೆದುಕೊಂಡು ಹೋಗಬೇಕು?

ರಿಪೋರ್ಟ್ ಕಾಗದ ಮಾತ್ರ ಸಾಲದು. ಜಯನಗರದಲ್ಲಿ ಬಯಾಪ್ಸಿ ಮಾಡಿಸಿ ಕಿದ್ವಾಯಿಗೋ ಇನ್ನೊಂದು ಕ್ಯಾನ್ಸರ್ ಆಸ್ಪತ್ರೆಗೋ ಹೋದರೆ, ಅಲ್ಲಿನ ಪೆಥಾಲಜಿಸ್ಟ್ ಸಾಮಾನ್ಯವಾಗಿ ಸ್ಲೈಡನ್ನು ತಾವೇ ನೋಡಬೇಕು ಅನ್ನುತ್ತಾರೆ. ಕೋರ್ ಆಗಿದ್ದರೆ ಸ್ಲೈಡ್ ಜೊತೆ ಮೇಣದ ಬ್ಲಾಕನ್ನೂ ಕೇಳಿ ಪಡೆಯಿರಿ. ಇಆರ್, ಹರ್-2, ಫಿಶ್ ಎಲ್ಲಕ್ಕೂ ಬೇಕಾಗುವುದು ಆ ಬ್ಲಾಕ್. ಸೆಲ್ ಬ್ಲಾಕ್ ಮಾಡಿರದಿದ್ದರೆ ಎಫ್‌ಎನ್‌ಎಸಿಗೆ ಬ್ಲಾಕ್ ಇರುವುದಿಲ್ಲ, ಇರುವ ನಾಲ್ಕೈದು ಸ್ಲೈಡ್‌ಗಳೇ ಮೂಲ, ಒಡೆದರೆ ಇನ್ನೊಂದು ಮಾಡಿಕೊಡಲು ಬರುವುದಿಲ್ಲ. ಪ್ಲಾಸ್ಟಿಕ್ ಸ್ಲೈಡ್ ಬಾಕ್ಸ್ ಕೇಳಿ ಅದರಲ್ಲೇ ಒಯ್ಯಿರಿ. ಬ್ಲಾಕನ್ನು ಬಿಸಿಲಿಗೆ ನಿಲ್ಲಿಸಿದ ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಇಡಬೇಡಿ, ಮೇಣ ಕರಗುತ್ತದೆ.